ಕಣದ ಮಳೆಗಂಟೆ: ಫೋಟೋದಲ್ಲಿ ಕಾಣದ ಹಳದಿ ಪಟ್ಟಿ

ಸೋಮವಾರಪೇಟೆಯಿಂದ ಐಗೂರಿನ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕನ ಮನೆ. ಎಂಟನೇ ತರಗತಿಯಲ್ಲಿ ಓದುತ್ತಿರುವ ಅವಳ ಮಗ ಶಾಲೆಯ ವಿಜ್ಞಾನ ವಸ್ತು ಪ್ರದರ್ಶನಕ್ಕೆಂದು ಕಾಫಿ ಕಣಕ್ಕೆ ಒಂದು ಮಳೆಗಂಟೆ ಮಾಡಿದ. ಅದು ತಪ್ಪು ಹೊತ್ತಿನಲ್ಲಿ ಕೂಗತೊಡಗಿದಾಗ ಅದರ ಫೋಟೋ ತೆಗೆದು, ತಾಯಿಯ ಮೊಬೈಲಿನಲ್ಲಿದ್ದ ಕೃತಕ ಬುದ್ಧಿಮತ್ತೆಯ ಚಾಟ್ ತಂತ್ರಾಂಶಕ್ಕೆ ತೋರಿಸಿದ. ಅಲ್ಲಿಂದ ದುರಸ್ತಿ ಯಾವ ದಾರಿ ಹಿಡಿಯಿತು, ಎಲ್ಲಿ ದಾರಿ ತಪ್ಪಿತು, ಕೊನೆಗೆ ದೋಷ ಎಲ್ಲಿ ಸಿಕ್ಕಿತು ಎಂಬುದನ್ನು ನಾವಿಬ್ಬರೂ ಆ ವಾರ ಬರೆದಿಟ್ಟುಕೊಂಡ ಟಿಪ್ಪಣಿಗಳಿಂದ ಇಲ್ಲಿ ಜೋಡಿಸಿದ್ದೇನೆ.

ಜನವರಿ ತಿಂಗಳು. ರೋಬಸ್ಟಾ ಕುಯಿಲು ನಡೆಯುತ್ತಿತ್ತು. ಹಗಲೆಲ್ಲ ಮನೆಯವರು ತೋಟದಲ್ಲಿರುತ್ತಾರೆ, ಕಣದಲ್ಲಿ ಹಣ್ಣು ಹರಡಿರುತ್ತದೆ. ಸಂಜೆ ಅದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾರಾದರೂ, ಅಕಾಲದಲ್ಲಿ ಮಳೆ ಬಿದ್ದರೆ ರಾತ್ರಿಯೇ ಎದ್ದು ಅಂಚುಗಳಿಗೆ ಕಲ್ಲು ಹೇರಬೇಕು, ಕಣದ ಬದಿಯ ಕಾಲುವೆ ಬಿಡಿಸಬೇಕು. ಅರೆಬರೆ ಒಣಗಿದ ಹಣ್ಣು ಮತ್ತೆ ನೆನೆದರೆ ಬೂಷ್ಟು ಹಿಡಿಯುತ್ತದೆ, ಬೇಳೆಯ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಈ ಕಷ್ಟವನ್ನು ಹುಡುಗ ಹುಟ್ಟಿದಾಗಿನಿಂದ ಕಂಡವನು. ಆದ್ದರಿಂದ ಮಾದರಿಯ ವಿಷಯವನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ಹಿಂದಿನ ತಿಂಗಳು ಬಂದಿದ್ದಾಗ ನಾನು ಅವನ ನೋಟ್‌ಬುಕ್ಕಿನಲ್ಲಿ ಒಂದು ಸರಳ ವಿದ್ಯುತ್ ಮಂಡಲವನ್ನು ಬರೆದುಕೊಟ್ಟಿದ್ದೆ. ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಬಿಸಿ 547 ಎಂಬ ಒಂದು ಟ್ರಾನ್ಸಿಸ್ಟರ್, ಸುಮಾರು 10 ಮಿಲಿ ಆಂಪಿಯರ್ ಎಳೆಯುವ ಒಂದು ಬಜರ್, ಎರಡು ರೆಸಿಸ್ಟರ್ ಮತ್ತು ಮಳೆ ಹನಿ ಬೀಳುವ ಒಂದು ತಟ್ಟೆ, ಇಷ್ಟೇ ಅದರಲ್ಲಿರುವುದು. ತಟ್ಟೆಯೆಂದರೆ ಅಂಗೈಯಗಲದ ತಾಮ್ರದ ಹಾಳೆಯ ಬೋರ್ಡು. ಅದರ ಮೇಲೆ ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಸೇರಿ, ಆದರೆ ಎಲ್ಲಿಯೂ ತಾಗದಂತೆ, ಎರಡು ಮಿಲಿಮೀಟರ್ ಅಂತರದಲ್ಲಿ ತಾಮ್ರದ ಗೆರೆಗಳಿವೆ. ಒಣಗಿದ್ದಾಗ ಅವುಗಳ ನಡುವೆ ವಿದ್ಯುತ್ತು ಹರಿಯುವುದಿಲ್ಲ. ಹನಿ ಬಿದ್ದು ಎರಡು ಹಲ್ಲುಗಳನ್ನು ಕೂಡಿಸಿದರೆ ಬ್ಯಾಟರಿಯ ಧನ ತುದಿಯಿಂದ ತಟ್ಟೆಯ ಮೂಲಕ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಅಲ್ಪ ಪ್ರವಾಹ ಸಿಗುತ್ತದೆ. ಆ ಅಲ್ಪ ಪ್ರವಾಹವೇ ಬಜರಿನ ದೊಡ್ಡ ಪ್ರವಾಹಕ್ಕೆ ಬಾಗಿಲು ತೆರೆಯುತ್ತದೆ.

ರೆಸಿಸ್ಟರುಗಳಲ್ಲಿ ಒಂದು ಕಿಲೋ ಓಮಿನದು ಬೇಸ್ ಕಾಲಿಗೆ ಹೋಗುವ ದಾರಿಯಲ್ಲಿರುತ್ತದೆ. ತಟ್ಟೆಯ ಎರಡು ಗೆರೆಗಳು ಆಕಸ್ಮಿಕವಾಗಿ ನೇರ ತಾಗಿದರೂ ಟ್ರಾನ್ಸಿಸ್ಟರ್ ಸುಡದಂತೆ ಕಾಯುವುದು ಅದರ ಕೆಲಸ. ಇನ್ನೊಂದು 10 ಕಿಲೋ ಓಮಿನದು, ಬೇಸ್ ಕಾಲಿನಿಂದ ಬ್ಯಾಟರಿಯ ಋಣ ತುದಿಗೆ ಸೇರುತ್ತದೆ. ನೋಡುವವರಿಗೆ ಈ ಎರಡನೆಯದು ಅಷ್ಟೇನೂ ಮುಖ್ಯವೆನಿಸದು, ಆದರೆ ಈ ಬರಹವೆಲ್ಲ ಅದರ ಸುತ್ತಲೇ ಇದೆ. ತಟ್ಟೆಯಿಂದ ಬರುವ ಸಣ್ಣಪುಟ್ಟ ಸೋರಿಕೆಯ ಪ್ರವಾಹವನ್ನು ಅದು ಬೇಸ್ ಕಾಲಿಗೆ ಹೋಗಗೊಡದೆ ತನ್ನ ಮೂಲಕ ಇಳಿಸಿಬಿಡುತ್ತದೆ. ಎಷ್ಟು ನೀರು ಬಿದ್ದರೆ ಗಂಟೆ ಕೂಗಬೇಕು, ಎಷ್ಟಕ್ಕೆ ಸುಮ್ಮನಿರಬೇಕು ಎಂದು ನಿರ್ಧರಿಸುವುದು ಅದೇ.

ಹುಡುಗ ಕುಶಾಲನಗರಕ್ಕೆ ಹೋಗಿ ಬಿಡಿಭಾಗಗಳನ್ನು ತಂದ, ಬೆಸುಗೆಯಿಲ್ಲದೆ ಕಾಲುಗಳನ್ನು ಚುಚ್ಚಿ ಕೂರಿಸುವ ತೂತುಗಳ ಹಲಗೆಯಾದ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿದ. ಥರ್ಮಾಕೋಲಿನ ಹಲಗೆಯ ಮೇಲೆ ಕೆಮ್ಮಣ್ಣು ಮೆತ್ತಿ ಪುಟ್ಟ ಕಣ ಮಾಡಿದ, ನಿಜವಾದ ಕಾಫಿ ಹಣ್ಣುಗಳನ್ನೇ ಅದರಲ್ಲಿ ಹರಡಿದ. ಬಾವಿಯ ನೀರನ್ನು ಬೆರಳಿನಲ್ಲಿ ಚಿಮುಕಿಸಿದಾಗ ಗಂಟೆ ಮನೆ ತುಂಬುವಂತೆ ಕೂಗಿತು. ತಟ್ಟೆಗೆ ಉದ್ದದ ತಂತಿ ಸೇರಿಸಿ, ನಿಜವಾದ ಕಣದ ಬದಿಯಲ್ಲಿ ಒಂದು ಗೂಟ ನೆಟ್ಟು ಅದಕ್ಕೆ ತಟ್ಟೆಯನ್ನು ಕಟ್ಟಿ, ಬಜರನ್ನು ಜಗಲಿಯಲ್ಲಿ ಇಟ್ಟು ರಾತ್ರಿ ಮಲಗಿದ.

ಬೆಳಗಿನ ಜಾವ ಐದಕ್ಕೆ ಗಂಟೆ ಕೂಗಿತು. ಅಜ್ಜಿ ಟಾರ್ಚು ಹಿಡಿದು ಕಣಕ್ಕೆ ಓಡಿದರು. ಆಕಾಶದಲ್ಲಿ ನಕ್ಷತ್ರಗಳಿದ್ದವು. ಮರುದಿನವೂ ಅದೇ ಹೊತ್ತಿಗೆ ಹಾಗೆಯೇ ಆಯಿತು.

ನಾನು ಬರಲು ಇನ್ನೂ ಮೂರು ದಿನವಿತ್ತು. ಆ ಸಂಜೆ ಹುಡುಗ ಮಾದರಿಯ ಒಂದು ಫೋಟೋ ತೆಗೆದು ಚಾಟ್ ತಂತ್ರಾಂಶಕ್ಕೆ ಕಳುಹಿಸಿದ. ಜೊತೆಗೆ, ಇದು ಬಿಸಿ 547 ಮತ್ತು 10 ಕಿಲೋ ಓಮ್ ರೆಸಿಸ್ಟರ್ ಹಾಕಿ ಮಾಡಿದ ಮಳೆ ಎಚ್ಚರಿಕೆ ಗಂಟೆ, ಮಳೆ ಇಲ್ಲದಿದ್ದರೂ ಕೂಗುತ್ತದೆ, ಏನು ತಪ್ಪಾಗಿದೆ ಎಂದು ಬರೆದ. ನಾನು ಆಮೇಲೆ ಆ ಸಂಭಾಷಣೆಯನ್ನು ಪೂರ್ತಿ ಓದಿದೆ. ಉತ್ತರದಲ್ಲಿ ಮೊದಲು ಮಾದರಿಯ ಬಗ್ಗೆ ಮೆಚ್ಚುಗೆಯಿತ್ತು. ಅನಂತರ ಮೂರು ಮಾತುಗಳಿದ್ದವು. ತಟ್ಟೆಯಿಂದ ಬರುವ ಎರಡು ತಂತಿಗಳ ಗಂಟುಗಳು ಬರಿಮೈಯಲ್ಲಿ ಅಕ್ಕಪಕ್ಕ ಇವೆ, ಅವು ತಾಗಬಹುದು, ಟೇಪು ಸುತ್ತಬೇಕು ಎಂಬುದು ಮೊದಲನೆಯದು. 10 ಕಿಲೋ ಓಮಿನ ರೆಸಿಸ್ಟರ್ ಸರಿಯಾಗಿಯೇ ಇದೆ ಎಂಬುದು ಎರಡನೆಯದು. ಟ್ರಾನ್ಸಿಸ್ಟರಿನ ಕಾಲುಗಳು ತಿರುಗುಮುರುಗಾಗಿವೆ, ಅದನ್ನು ತೆಗೆದು ತಿರುಗಿಸಿ ಕೂರಿಸಬೇಕು ಎಂಬುದು ಮೂರನೆಯದು. ಮೂರನ್ನೂ ಒಂದೇ ಬಗೆಯ ಖಚಿತ ಧಾಟಿಯಲ್ಲಿ ಬರೆಯಲಾಗಿತ್ತು.

ಹುಡುಗ ಟೇಪು ಸುತ್ತಿದ. ಟ್ರಾನ್ಸಿಸ್ಟರನ್ನು ಕಿತ್ತು ತಿರುಗಿಸಿ ಚುಚ್ಚಿದ. ಆಮೇಲೆ ಬಾವಿಯ ನೀರನ್ನು ಸುರಿದರೂ ಗಂಟೆಯಿಂದ ಕೀರಲು ದನಿಯೊಂದು ಬಿಟ್ಟರೆ ಬೇರೇನೂ ಬರಲಿಲ್ಲ. ಮೊದಲು ಹೆಚ್ಚು ಕೂಗುತ್ತಿದ್ದುದು ಈಗ ಕೂಗುವುದನ್ನೇ ಬಿಟ್ಟಿತ್ತು. ಅದನ್ನೂ ತಂತ್ರಾಂಶಕ್ಕೆ ಹೇಳಿದಾಗ ಬಜರ್ ಕೆಟ್ಟಿರಬಹುದು, ಬ್ಯಾಟರಿ ಇಳಿದಿರಬಹುದು ಎಂಬ ಹೊಸ ಊಹೆಗಳು ಬಂದವು. ಹೊಸ ಬ್ಯಾಟರಿಗೆ ಅಜ್ಜಿಯ ಬಳಿ ಹಣ ಕೇಳಿದ್ದಾನೆ. ಅಜ್ಜಿ, "ನಿನ್ನ ಮಾವ ಬರ್ಲಿ, ಅಲ್ಲಿವರೆಗೆ ಸುಮ್ನಿರು ಮಗಾ" ಎಂದಿದ್ದಾರೆ.

ಶನಿವಾರ ಮಧ್ಯಾಹ್ನ ನಾನು ಹೋದಾಗ ಹುಡುಗ ಮಾದರಿಯನ್ನು ಜಗಲಿಗೆ ತಂದಿಟ್ಟ. ನಾನು ಮಾದರಿಗಿಂತ ಮುಂಚೆ ಮೊಬೈಲಿನಲ್ಲಿದ್ದ ಫೋಟೋವನ್ನು ಕೇಳಿದೆ, ಏಕೆಂದರೆ ತಂತ್ರಾಂಶಕ್ಕೆ ಸಿಕ್ಕಿದ್ದು ಅದೊಂದೇ. ಫೋಟೋವನ್ನು ಹಿಂಬದಿಯಿಂದ, ಸಂಜೆ ಹೊತ್ತು, ಹಳದಿ ಬಲ್ಬಿನ ಬೆಳಕಿನಲ್ಲಿ ತೆಗೆಯಲಾಗಿತ್ತು. ಚೌಕಟ್ಟಿನ ಮುಕ್ಕಾಲು ಭಾಗ ಕೆಮ್ಮಣ್ಣಿನ ಕಣ ಮತ್ತು ಹಲಗೆಯ ಮೇಲಿನ ಚೀಟಿ. ಆ ಚೀಟಿಯಲ್ಲಿ ಅವನ ಹೆಸರು, ತರಗತಿ, ಶಾಲೆ, ತಾಯಿಯ ಮೊಬೈಲ್ ಸಂಖ್ಯೆ ಎಲ್ಲವೂ ಇದ್ದವು. ದೋಷ ಹುಡುಕಲು ಅವುಗಳಲ್ಲಿ ಒಂದೂ ಬೇಕಿರಲಿಲ್ಲ. ಇನ್ನು ಮುಂದೆ ಚೀಟಿಯನ್ನು ತೆಗೆದಿಟ್ಟು, ಮಂಡಲದ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸಬೇಕೆಂದು ಅವನಿಗೆ ಹೇಳಿದೆ. ಅಂದಿನ ಸಂಭಾಷಣೆಯನ್ನು ಅಳಿಸುವ ಮೊದಲು ಅದರಲ್ಲಿದ್ದ ಮಾತುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆವು.

ಬ್ರೆಡ್‌ಬೋರ್ಡು ಫೋಟೋದ ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಇಂತಹ ತಂತ್ರಾಂಶಗಳು ದೊಡ್ಡ ಚಿತ್ರವನ್ನು ಸಾಮಾನ್ಯವಾಗಿ ಕುಗ್ಗಿಸಿಕೊಂಡು, ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಆ ಚೌಕಗಳಿಂದ ತಿಳಿಯುವುದನ್ನು ತಾವು ಕಲಿತ ಕೋಟ್ಯಂತರ ಚಿತ್ರ ಮತ್ತು ಬರಹಗಳ ಜಾಡಿನಲ್ಲಿ ಕೂಡಿಸಿ ಉತ್ತರ ಬರೆಯುತ್ತವೆ. ಹಾಗೆ ಕುಗ್ಗಿದ ಮೇಲೆ ಅಕ್ಕಿಕಾಳಿನಷ್ಟು ಉದ್ದದ ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟಿಗಳು ಒಂದೆರಡು ಚುಕ್ಕೆಗಳಾಗಿಯಷ್ಟೇ ಉಳಿಯುತ್ತವೆ. ಟ್ರಾನ್ಸಿಸ್ಟರಿನ ಕಪ್ಪು ಮೈ ನೆರಳಿನಲ್ಲಿ ಸೇರಿಹೋಗಿರುತ್ತದೆ. ಬರಿಮೈ ತಂತಿಯ ಗಂಟು ಮಾತ್ರ ದೊಡ್ಡದಾಗಿ, ಹೊಳೆಯುತ್ತ, ಚಿತ್ರದ ಮಧ್ಯದಲ್ಲಿತ್ತು. ಅದನ್ನು ತಂತ್ರಾಂಶ ಸರಿಯಾಗಿ ಗುರುತಿಸಿತ್ತು. ನಿಜ ಹೇಳಬೇಕೆಂದರೆ ಹುಡುಗನೂ ಅದನ್ನು ಗಮನಿಸಿರಲಿಲ್ಲ, ನಾನು ಮೊದಲ ನೋಟಕ್ಕೆ ಗಮನಿಸುತ್ತಿದ್ದೆನೆಂದು ಹೇಳಲಾರೆ.

ಮೊದಲು ಟ್ರಾನ್ಸಿಸ್ಟರಿನ ಜಗಳ ಬಗೆಹರಿಸಿದೆವು. ಬಿಸಿ 547ರ ಒಂದು ಮುಖ ಚಪ್ಪಟೆ, ಇನ್ನೊಂದು ದುಂಡು. ಚಪ್ಪಟೆ ಮುಖವನ್ನು ನಮ್ಮ ಕಡೆಗೆ ತಿರುಗಿಸಿ, ಕಾಲುಗಳನ್ನು ಕೆಳಗೆ ಮಾಡಿ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬೆನ್ನಿನ ಕಡೆಯಿಂದ ನೋಡಿದರೆ ಈ ಕ್ರಮ ತಿರುಗುತ್ತದೆ. ಫೋಟೋ ಹಿಂಬದಿಯದ್ದಾದ್ದರಿಂದ ಅದರಲ್ಲಿ ಕಾಣುತ್ತಿದ್ದುದು ದುಂಡು ಬೆನ್ನು. ತಂತ್ರಾಂಶ ಅದನ್ನೇ ಚಪ್ಪಟೆ ಮುಖವೆಂದುಕೊಂಡು ಕಾಲುಗಳನ್ನು ಎಣಿಸಿದೆ. ಹೀಗಾಗಿ ಸರಿಯಿದ್ದುದನ್ನು ಹುಡುಗ ತಪ್ಪು ಮಾಡಿಕೊಂಡ.

ಇದನ್ನು ಬಾಯಿಮಾತಿನಲ್ಲಿ ಒಪ್ಪಿಸುವುದಕ್ಕಿಂತ ಅವನ ಕೈಯಲ್ಲೇ ಅಳೆಯಿಸುವುದು ಮೇಲೆನಿಸಿತು. ಮಲ್ಟಿಮೀಟರನ್ನು ಡಯೋಡ್ ಗುರುತಿನ ಸ್ಥಾನಕ್ಕೆ ತಿರುಗಿಸಿ, ಟ್ರಾನ್ಸಿಸ್ಟರನ್ನು ಬೋರ್ಡಿನಿಂದ ಹೊರತೆಗೆದು, ಕೆಂಪು ಕಡ್ಡಿಯನ್ನು ನಡುವಿನ ಕಾಲಿಗೂ ಕಪ್ಪು ಕಡ್ಡಿಯನ್ನು ಅಕ್ಕಪಕ್ಕದ ಕಾಲುಗಳಿಗೂ ಒಂದಾದ ಮೇಲೊಂದರಂತೆ ಮುಟ್ಟಿಸಿದ. ಒಂದು ಕಡೆ 0.684, ಇನ್ನೊಂದು ಕಡೆ 0.675 ಬಂತು. ಎರಡೂ ಕಡೆ ಓದು ಬಂದರೆ ನಡುವಿನದು ಬೇಸ್ ಎಂದರ್ಥ, ಮತ್ತು ಸ್ವಲ್ಪ ಹೆಚ್ಚು ಬರುವ ಕಾಲು ಎಮಿಟರ್. ವ್ಯತ್ಯಾಸ ಚಿಕ್ಕದಾದರೂ ಪ್ರತಿ ಸಲವೂ ಅದೇ ಕಡೆಗೆ ಬರುತ್ತದೆ. ಹುಡುಗ ನಾಲ್ಕು ಸಲ ಮುಟ್ಟಿಸಿ ನೋಡಿ, ಎಮಿಟರ್ ಕಾಲಿನ ಕಡೆ ಪೆನ್ನಿನಿಂದ ಒಂದು ಬಿಳಿ ಚುಕ್ಕೆ ಇಟ್ಟುಕೊಂಡ. ಆದರೂ ನಾನು ಆ ಟ್ರಾನ್ಸಿಸ್ಟರನ್ನು ಮತ್ತೆ ಹಾಕಿಸಲಿಲ್ಲ. ತಿರುಗಿಸಿ ಕೂರಿಸಿದಾಗ ಎಮಿಟರ್ ಮತ್ತು ಬೇಸ್ ನಡುವೆ ಉಲ್ಟಾ ದಿಕ್ಕಿನಲ್ಲಿ ಬ್ಯಾಟರಿಯ ವೋಲ್ಟೇಜು ಬೀಳುತ್ತದೆ. ಈ ಜಾತಿಯ ಟ್ರಾನ್ಸಿಸ್ಟರ್ ಆ ದಿಕ್ಕಿನಲ್ಲಿ ತಾಳುವ ಮಿತಿ 6 ವೋಲ್ಟು, ನಮ್ಮ ಬ್ಯಾಟರಿ 9 ವೋಲ್ಟಿನದು. ಒಮ್ಮೆ ಹಾಗಾದ ಟ್ರಾನ್ಸಿಸ್ಟರ್ ಸಾಯದಿದ್ದರೂ ಅದರ ವರ್ಧನೆ, ಅಂದರೆ ಬೇಸಿನ ಅಲ್ಪ ಪ್ರವಾಹವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು, ಕುಂದಿರಬಹುದು, ಮುಂದಿನ ಅಳತೆಗಳಲ್ಲಿ ಅದೊಂದು ಸಂಶಯವಾಗಿ ಉಳಿಯುತ್ತದೆ. ಕೆಲವೇ ರೂಪಾಯಿಯ ಹೊಸದೊಂದು ನನ್ನ ಡಬ್ಬಿಯಲ್ಲಿತ್ತು, ಅದನ್ನು ಹಾಕಿದೆವು. ಮೀಟರಿನ ಟ್ರಾನ್ಸಿಸ್ಟರ್ ತೂತಿನಲ್ಲಿ ಅದರ ವರ್ಧನೆ 220 ಎಂದು ಬಂತು.

ಬಾವಿಯ ನೀರಿಗೆ ಗಂಟೆ ಮೊದಲಿನಂತೆ ಗಟ್ಟಿಯಾಗಿ ಕೂಗಿತು. ಆದರೆ ಇದರಿಂದ ನಾವು ಮೊದಲಿದ್ದ ಜಾಗಕ್ಕೆ ಮರಳಿದೆವೇ ಹೊರತು ಬೆಳಗಿನ ಜಾವದ ಕೂಗಿಗೆ ಕಾರಣ ಸಿಕ್ಕಿರಲಿಲ್ಲ.

ಆಗ ಹುಡುಗನನ್ನು ಒಂದು ಪ್ರಶ್ನೆ ಕೇಳಿದೆ. "ಬೆಳಿಗ್ಗೆ ಕೂಗಿದ್ದು ಹೀಗೇ ಗಟ್ಟಿಯಾಗಿತ್ತಾ?"

ಅವನು ಸ್ವಲ್ಪ ಯೋಚಿಸಿ, "ಇಲ್ಲ ಮಾವ, ಸೊಳ್ಳೆ ಗುಂಯ್‌ಗುಡೋ ಹಾಗೆ ಸಣ್ಣ ದನಿ. ಮನೆ ನಿಶ್ಶಬ್ದವಾಗಿತ್ತಲ್ಲ, ಅದಕ್ಕೇ ಕೇಳಿಸಿತು" ಎಂದ.

ನನಗೆ ಬೇಕಿದ್ದ ಸುಳಿವು ಅದೇ. ತಂತಿಗಳು ನೇರವಾಗಿ ತಾಗಿದ್ದರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದು ಗಂಟೆ ಗಟ್ಟಿಯಾಗಿಯೇ ಕೂಗಬೇಕಿತ್ತು. ಸಣ್ಣ ದನಿಯೆಂದರೆ ಟ್ರಾನ್ಸಿಸ್ಟರ್ ಅರೆ ತೆರೆದಿದೆ, ಬೇಸ್ ಕಾಲಿಗೆ ಒಂದಿಷ್ಟು ಮೈಕ್ರೋ ಆಂಪಿಯರ್ ಮಾತ್ರ ಸೋರಿ ಬರುತ್ತಿದೆ ಎಂದು ಅರ್ಥ. ಹೊತ್ತು ಬೆಳಗಿನ ಜಾವ, ತಿಂಗಳು ಜನವರಿ, ಊರು ಸೋಮವಾರಪೇಟೆ. ಇಬ್ಬನಿಯಲ್ಲದೆ ಮತ್ತೇನು? ಆದರೆ ಇಬ್ಬನಿ ಇದ್ದೇ ಇರುತ್ತದೆಂದು ಎಣಿಸಿಯೇ ನಾನು 10 ಕಿಲೋ ಓಮಿನ ರೆಸಿಸ್ಟರನ್ನು ಬರೆದುಕೊಟ್ಟಿದ್ದು. ಅದು ತನ್ನ ಕೆಲಸವನ್ನು ಏಕೆ ಮಾಡುತ್ತಿಲ್ಲ?

ಜಗಲಿಯಿಂದ ಅಂಗಳದ ಬಿಸಿಲಿಗೆ ಬಂದು, ಬ್ಯಾಟರಿ ಕಳಚಿ, ಆ ರೆಸಿಸ್ಟರಿನ ಒಂದು ಕಾಲನ್ನು ಬೋರ್ಡಿನಿಂದ ಎತ್ತಿಸಿದೆ. ಹಾಗೆ ಒಂದು ಕಾಲನ್ನಾದರೂ ಬಿಡಿಸದೆ ಅಳೆದರೆ ಪಕ್ಕದಲ್ಲಿರುವ ಟ್ರಾನ್ಸಿಸ್ಟರಿನ ಮೂಲಕವೂ ಮೀಟರಿನ ಪ್ರವಾಹ ಹರಿದು ಸುಳ್ಳು ಓದು ಬರುವ ಸಂಭವವಿದೆ. ಹುಡುಗ ಮೀಟರಿನ ಕಡ್ಡಿಗಳನ್ನು ಇಟ್ಟ. ಪರದೆಯ ಮೇಲೆ 99.2 ಕಿಲೋ ಓಮ್ ಬಂತು.

ಇಬ್ಬರೂ ಒಂದು ಕ್ಷಣ ಸುಮ್ಮನೆ ನೋಡಿದೆವು. ಬಿಸಿಲಿಗೆ ಹಿಡಿದಾಗ ಪಟ್ಟಿಗಳು ಸ್ಪಷ್ಟವಾಗಿದ್ದವು: ಕಂದು, ಕಪ್ಪು, ಹಳದಿ, ಕೊನೆಗೆ ಚಿನ್ನದ ಬಣ್ಣ. ಕಂದು, ಕಪ್ಪು, ಕಿತ್ತಳೆ ಇದ್ದರೆ 10 ಕಿಲೋ ಓಮ್. ಮೂರನೆಯ ಪಟ್ಟಿ ಹಳದಿಯಾದರೆ ಒಂದು ಸೊನ್ನೆ ಹೆಚ್ಚು, ಅಂದರೆ 100 ಕಿಲೋ ಓಮ್. ಅಂಗಡಿಯಲ್ಲಿ ಹತ್ತು ಎಂದು ಕೇಳಿದ್ದಕ್ಕೆ ಕೈತಪ್ಪಿ ನೂರರದ್ದು ಬಂದಿತ್ತು. ಹುಡುಗ ಕೊಟ್ಟದ್ದನ್ನು ನಂಬಿ ಹಾಕಿದ್ದ. ಹಳದಿ ಬಲ್ಬಿನ ಕೆಳಗೆ ಹಳದಿ ಪಟ್ಟಿಯೂ ಕಿತ್ತಳೆಯಂತೆಯೇ ತೋರುವುದರಿಂದ ಅವನ ಕಣ್ಣಿಗೂ ಅನುಮಾನ ಬಂದಿರಲಿಲ್ಲ.

ಹಾಗಾದರೆ ಆ ರೆಸಿಸ್ಟರ್ ಸರಿಯಿದೆಯೆಂದು ತಂತ್ರಾಂಶ ಹೇಗೆ ಹೇಳಿತು? ಹುಡುಗನ ಪ್ರಶ್ನೆಯನ್ನು ಮತ್ತೆ ಓದಿದಾಗ ತಿಳಿಯಿತು. 10 ಕಿಲೋ ಓಮ್ ಎಂದು ಮೊದಲು ಬರೆದವನು ಅವನೇ. ಚಿತ್ರದಲ್ಲಿ ಪಟ್ಟಿ ಸ್ಪಷ್ಟವಿಲ್ಲ, ಪ್ರಶ್ನೆಯಲ್ಲಿ ಅಂಕಿ ಸ್ಪಷ್ಟವಾಗಿದೆ. ಉತ್ತರ ಆ ಅಂಕಿಯ ಮೇಲೆಯೇ ಕಟ್ಟಿಕೊಂಡಿತು. ಅವನು ಕೊಟ್ಟ ಮಾತು ಅವನಿಗೇ ಸಾಕ್ಷಿಯಾಗಿ ಮರಳಿ ಬಂದಿತ್ತು. ಈ ಊಹೆಯನ್ನು ಪರೀಕ್ಷಿಸಿಯೇ ನೋಡೋಣವೆಂದು ಅದೇ ಫೋಟೋವನ್ನು, ಚೀಟಿಯ ಭಾಗ ಕತ್ತರಿಸಿ, ಹೊಸ ಸಂಭಾಷಣೆಯಲ್ಲಿ ಯಾವ ಅಂಕಿಯನ್ನೂ ಹೇಳದೆ, ಈ ರೆಸಿಸ್ಟರುಗಳ ರೋಧ ಎಷ್ಟು ಓಮ್ ಎಂದು ಮೂರು ಸಲ ಕೇಳಿದೆವು. ಮೂರು ಸಲಕ್ಕೆ ಎರಡು ಬೇರೆ ಬೇರೆ ಉತ್ತರ ಬಂದವು, ಎರಡೂ ತಪ್ಪು. ಒಂದೇ ಚಿತ್ರಕ್ಕೆ ಉತ್ತರ ಬದಲಾಗುತ್ತಿದೆಯೆಂದರೆ ಅದು ಚಿತ್ರದಿಂದ ಬರುತ್ತಿಲ್ಲ ಎಂಬುದು ಹುಡುಗನಿಗೆ ತಾನಾಗಿ ಹೊಳೆಯಿತು. ಅನಂತರ ರೆಸಿಸ್ಟರನ್ನು ಬಿಳಿ ಕಾಗದದ ಮೇಲಿಟ್ಟು, ಹಗಲು ಬೆಳಕಿನಲ್ಲಿ, ಅದೊಂದೇ ಚೌಕಟ್ಟು ತುಂಬುವಷ್ಟು ಹತ್ತಿರದಿಂದ ಫೋಟೋ ತೆಗೆದು ಕಳುಹಿಸಿದ. ಈ ಬಾರಿ ನಾಲ್ಕೂ ಪಟ್ಟಿಗಳನ್ನು ಹೆಸರಿಸಿ 100 ಕಿಲೋ ಓಮ್ ಎಂದು ಸರಿಯಾದ ಉತ್ತರವೇ ಬಂತು.

ಸಂಜೆ ಕೂತು ಲೆಕ್ಕ ಹಾಕಿದೆವು. ಬೇಸ್ ಕಾಲಿನಲ್ಲಿ ಸುಮಾರು 0.6 ವೋಲ್ಟು ಏರುವವರೆಗೆ ಟ್ರಾನ್ಸಿಸ್ಟರ್ ತೆರೆಯುವುದಿಲ್ಲ. 100 ಕಿಲೋ ಓಮಿನ ರೆಸಿಸ್ಟರಿನಲ್ಲಿ 0.6 ವೋಲ್ಟು ಏರಿಸಲು 6 ಮೈಕ್ರೋ ಆಂಪಿಯರ್ ಸಾಕು. ತಟ್ಟೆಯ ಮೇಲೆ ಉಳಿಯುವುದು 8.4 ವೋಲ್ಟು. 8.4 ವೋಲ್ಟಿನಲ್ಲಿ 6 ಮೈಕ್ರೋ ಆಂಪಿಯರ್ ಹರಿಯಲು ತಟ್ಟೆಯ ರೋಧ 1400 ಕಿಲೋ ಓಮಿಗೆ ಇಳಿದರೆ ಆಯಿತು, ಗಂಟೆ ಪಿಸುಗುಡತೊಡಗುತ್ತದೆ. 10 ಕಿಲೋ ಓಮಿನದಾಗಿದ್ದರೆ 60 ಮೈಕ್ರೋ ಆಂಪಿಯರ್ ಬೇಕು, ಅಂದರೆ ತಟ್ಟೆ 140 ಕಿಲೋ ಓಮಿಗೆ ಇಳಿಯುವವರೆಗೂ ಗಂಟೆ ಸುಮ್ಮನಿರುತ್ತದೆ. ಬಜರಿಗೆ ಬೇಕಾದ 10 ಮಿಲಿ ಆಂಪಿಯರನ್ನು ಸುಮಾರು 200 ವರ್ಧನೆಯಿಂದ ಪಡೆಯಲು ಇನ್ನೊಂದು 50 ಮೈಕ್ರೋ ಆಂಪಿಯರ್ ಸೇರಬೇಕಾದ್ದರಿಂದ, ಅದು ಪೂರ್ತಿ ಗಟ್ಟಿಯಾಗಿ ಕೂಗುವುದು ಸುಮಾರು 76 ಕಿಲೋ ಓಮಿನಲ್ಲಿ. ಹುಡುಗ ಇದನ್ನು ಎರಡು ಸಲ ಬರೆದು ಅಳಿಸಿ ಮೂರನೆಯ ಸಲಕ್ಕೆ ತಾನೇ ಬಿಡಿಸಿದ.

ಲೆಕ್ಕ ಒಂದು ಕಡೆಯದು. ಇಬ್ಬನಿ ಬಿದ್ದ ತಟ್ಟೆ ನಿಜವಾಗಿ ಎಷ್ಟು ರೋಧ ತೋರಿಸುತ್ತದೆ ಎಂಬುದು ಇನ್ನೊಂದು ಕಡೆಯದು, ಅದನ್ನು ಅಳೆದೇ ತಿಳಿಯಬೇಕು. ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು, ಕಂಬಳಿ ಹೊದ್ದು ಇಬ್ಬರೂ ಕಣಕ್ಕೆ ಹೋದೆವು. ತಟ್ಟೆಯ ಮೇಲೆ ಟಾರ್ಚು ಬಿಟ್ಟಾಗ ಸಾಸಿವೆಗಿಂತ ಚಿಕ್ಕ ಹನಿಗಳು ಒತ್ತಾಗಿ ಕೂತಿದ್ದವು. ಹೆಚ್ಚಿನವು ಒಂದೊಂದೇ ಗೆರೆಯ ಮೇಲೆ ಬಿಡಿಬಿಡಿಯಾಗಿದ್ದವು, ಕೆಲವು ಮಾತ್ರ ಗೆರೆಗಳ ನಡುವಿನ ಅಂತರ ದಾಟಿದ್ದವು. ಹಲ್ಲುಗಳ ಸಂದಿನಲ್ಲಿ ಕಣದಿಂದ ಹಾರಿ ಬಂದು ಕೂತ ಕಾಫಿ ಸಿಪ್ಪೆಯ ಕಂದು ಧೂಳು ನೆನೆದು ಜಿಗುಟಾಗಿತ್ತು. ತಂತಿಗಳನ್ನು ಬ್ಯಾಟರಿಯಿಂದ ಬಿಡಿಸಿ ಅಳೆದಾಗ ತಟ್ಟೆಯ ರೋಧ 600 ಕಿಲೋ ಓಮಿನ ಆಸುಪಾಸಿನಲ್ಲಿ ಏರಿಳಿಯುತ್ತಿತ್ತು. 1400ಕ್ಕಿಂತ ಬಹಳ ಕಡಿಮೆ, 140ಕ್ಕಿಂತ ಬಹಳ ಹೆಚ್ಚು. ಇಬ್ಬನಿಗೆ ಗಂಟೆ ಸಣ್ಣ ದನಿಯಲ್ಲಿ ಏಕೆ ಕೂಗುತ್ತಿತ್ತೆಂಬುದಕ್ಕೂ, ಸರಿಯಾದ ರೆಸಿಸ್ಟರ್ ಇದ್ದಿದ್ದರೆ ಏಕೆ ಕೂಗುತ್ತಿರಲಿಲ್ಲವೆಂಬುದಕ್ಕೂ ಈ ಒಂದೇ ಓದು ಉತ್ತರ ಕೊಟ್ಟಿತು. ಮಧ್ಯಾಹ್ನ ಒಣಗಿದ ತಟ್ಟೆಯ ಎಷ್ಟು ಫೋಟೋ ತೆಗೆದರೂ ಈ ಧೂಳಿನ ಜಿಗುಟು, ಈ 600 ಎಂಬ ಅಂಕಿ ಅದರೊಳಗೆ ಬರುವುದಿಲ್ಲ.

10 ಕಿಲೋ ಓಮಿನ ರೆಸಿಸ್ಟರನ್ನು, ಮೊದಲು ಮೀಟರಿನಲ್ಲಿ ಅಳೆದು, ಹಾಕಿದೆವು. ಆದರೆ ಕೂಗುವ ಗಡಿಯನ್ನು ಹೀಗೆ ಎತ್ತರಿಸಿದ ಮೇಲೆ ನಿಜವಾದ ಮಳೆಗೆ ಕೂಗದೆ ಹೋದರೆ ಎಂಬ ಭಯ ಉಳಿಯುತ್ತದೆ. ಬಾವಿಯ ನೀರಿನ ಒಂದೇ ಹನಿಗೆ ತಟ್ಟೆ 20 ಕಿಲೋ ಓಮಿಗೆ ಇಳಿದು ಗಂಟೆ ಗಟ್ಟಿಯಾಗಿ ಕೂಗಿತು. ಇದನ್ನು ನಂಬಿ ಕೂರುವಂತಿಲ್ಲ. ಬಾವಿಯ ನೀರಿನಲ್ಲಿ ನೆಲದ ಲವಣಗಳು ಕರಗಿರುತ್ತವೆ, ಮಳೆನೀರಿನಲ್ಲಿ ಅವು ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಮಳೆನೀರು ವಿದ್ಯುತ್ತನ್ನು ಹರಿಸುವುದು ಕಡಿಮೆ. ಶಾಲಾ ಪ್ರದರ್ಶನಗಳಲ್ಲಿ ನಲ್ಲಿ ನೀರಿಗೆ ಚೆನ್ನಾಗಿ ಕೂಗುವ ಮಳೆಗಂಟೆಗಳು ಮಳೆಯಲ್ಲಿ ತಡವರಿಸುವುದು ಇದೇ ಕಾರಣಕ್ಕೆ.

ಜನವರಿಯಲ್ಲಿ ಮಳೆನೀರು ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ಅಜ್ಜಿ ಹಿತ್ತಿಲ ಕೋಣೆಯಿಂದ ಒಂದು ಬಿಳಿ ಕ್ಯಾನ್ ತಂದುಕೊಟ್ಟರು. ಇನ್ವರ್ಟರಿನ ಬ್ಯಾಟರಿಗೆ ಹಾಕಲೆಂದು ಕಳೆದ ಮಳೆಗಾಲದಲ್ಲಿ, ಸೂರಿನಿಂದಲ್ಲದೆ ಬಯಲಿನಲ್ಲಿ ಪಾತ್ರೆಯಿಟ್ಟು ಹಿಡಿದಿಟ್ಟ ನೀರು. ನಮ್ಮ ಅಂದಿನ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ವಸ್ತು ಬೇರೊಂದು ಸಿಗಲಿಲ್ಲ. ತಟ್ಟೆಯನ್ನು ತೊಳೆದು ಒಣಗಿಸಿ, ಔಷಧದ ಡ್ರಾಪರಿನಿಂದ ಒಂದು ಹನಿ ಬಿಟ್ಟೆವು. ಮೀಟರ್ 190 ಕಿಲೋ ಓಮ್ ತೋರಿಸಿತು, ಗಂಟೆ ಸುಮ್ಮನಿತ್ತು. ಎರಡನೆಯ ಹನಿಗೆ 95ಕ್ಕೆ ಇಳಿದು ಗಂಟೆ ದನಿ ಎತ್ತಿತು. ಮೂರನೆಯ ಹನಿಗೆ 65 ಆಗಿ ಗಟ್ಟಿಯಾಗಿ ಕೂಗಿತು. ಅಂಗೈಯಗಲದ ತಟ್ಟೆಯ ಮೇಲೆ ಮೂರು ಹನಿ ಬೀಳುವ ಹೊತ್ತಿಗೆ ಅದನ್ನು ಮಳೆಯೆನ್ನಲು ಅಜ್ಜಿಯ ಒಪ್ಪಿಗೆಯೂ ಇತ್ತು. "ಒಂದು ಹನಿಗೆಲ್ಲ ನಾನು ಏಳಲ್ಲಪ್ಪ, ಮೂರು ಬಿದ್ರೆ ಏಳ್ತೀನಿ" ಎಂದರು.

ತಟ್ಟೆಯಲ್ಲಿ ಇನ್ನೊಂದು ಕೆಡುಕು ಆಗಲೇ ಮೊಳೆಯುತ್ತಿತ್ತು. ಧನ ತುದಿಗೆ ಸೇರಿದ್ದ ಬಾಚಣಿಗೆಯ ಹಲ್ಲುಗಳ ಅಂಚು ಕಪ್ಪಾಗಿ, ಅಲ್ಲಲ್ಲಿ ಹಸಿರು ಕಿಲುಬು ಏರಿತ್ತು. ಇನ್ನೊಂದು ಬಾಚಣಿಗೆ ಹಾಗಿರಲಿಲ್ಲ. ಒಂದೇ ದಿಕ್ಕಿನ ವಿದ್ಯುತ್ತು ನೀರಿನ ಮೂಲಕ ಹರಿಯುವಾಗ ಧನ ಕಡೆಯ ತಾಮ್ರ ಕರಗಿ ನೀರಿಗೆ ಬಿಡುತ್ತದೆ. ಹಾಗೆ ಕರಗಿದ್ದು ಧೂಳಿನೊಂದಿಗೆ ಸೇರಿ ಸಂದಿನಲ್ಲಿ ಒಣಗಿದರೆ, ಮುಂದಿನ ಇಬ್ಬನಿಗೆ ಸೋರಿಕೆ ಇನ್ನೂ ಹೆಚ್ಚುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು, ಗೆರೆಗಳ ಮೇಲೆಲ್ಲ ಬೆಸುಗೆಯ ಸೀಸದ ತೆಳು ಲೇಪ ಹರಿಸಿದೆವು. ಬೆಸುಗೆ ನಾನು ಹಾಕಿದೆ, ಹೊಗೆ ಮೂಗಿಗೆ ಹೋಗದಂತೆ ಹುಡುಗನನ್ನು ಗಾಳಿ ಬರುವ ಕಡೆ ಕೂರಿಸಿ, ಕೆಲಸ ಮುಗಿದ ಮೇಲೆ ಇಬ್ಬರೂ ಸೋಪಿನಲ್ಲಿ ಕೈ ತೊಳೆದೆವು. ಲೇಪದಿಂದ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ತಟ್ಟೆ ತೊಳೆಯುವುದನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ತಟ್ಟೆಯನ್ನು ಸಪಾಟಾಗಿ ಕಟ್ಟಿದ್ದುದನ್ನು ಬಿಚ್ಚಿ, ಓರೆಯಾಗಿ ಕಟ್ಟಿದೆವು. ಮಳೆ ನಿಂತ ಮೇಲೆ ನೀರು ಜಾರಿ ಹೋಗಿ ಗಂಟೆ ತಾನಾಗಿ ನಿಲ್ಲುತ್ತದೆ.

ಭಾನುವಾರ ರಾತ್ರಿ ಬ್ಯಾಟರಿ ಸೇರಿಸಿ ಮಲಗಿದೆವು. ಸೋಮವಾರ ಬೆಳಗಿನ ಜಾವ ಐದೂವರೆಗೆ ಗಂಟೆ ಮತ್ತೆ ಕೂಗಿತು, ಅದೂ ಗಟ್ಟಿಯಾಗಿ.

ಹುಡುಗನ ಮುಖ ಬಾಡಿತು. ಆದರೆ ಅವನು ಮೊಬೈಲಿನ ಕಡೆಗೆ ಹೋಗಲಿಲ್ಲ, ಮೀಟರ್ ಮತ್ತು ಟಾರ್ಚು ತೆಗೆದುಕೊಂಡು ಕಣಕ್ಕೆ ಹೋದ. ನಾನು ಹಿಂದೆ ಹೋದೆ. ಮಂಜು ದಟ್ಟವಾಗಿ ಇಳಿದಿತ್ತು, ಐದು ಮಾರು ಆಚೆಗಿನ ಟಾರ್ಪಾಲು ಕಾಣುತ್ತಿರಲಿಲ್ಲ. ತಟ್ಟೆಯ ಮೇಲೆ ಸಾಸಿವೆಯಂತಹ ಹನಿಗಳ ನಡುವೆ ಬಟಾಣಿ ಗಾತ್ರದ ನಾಲ್ಕೈದು ಹನಿಗಳು ಕೂತಿದ್ದವು. ಮೀಟರಿನಲ್ಲಿ 52 ಕಿಲೋ ಓಮ್. ನಾವು ನೋಡುತ್ತಿರುವಂತೆಯೇ ಮತ್ತೊಂದು ಟಪ್ಪೆಂದು ಬಿತ್ತು. ಹುಡುಗ ಟಾರ್ಚನ್ನು ಮೇಲಕ್ಕೆ ತಿರುಗಿಸಿದ. ಗೂಟದ ನೇರಕ್ಕೆ ಸಿಲ್ವರ್ ಓಕ್ ಮರದ ಒಂದು ಕೊಂಬೆ ಚಾಚಿತ್ತು. ಅದರ ಎಲೆಗಳಲ್ಲಿ ಮಂಜು ಕೂಡಿಕೊಂಡು, ದಪ್ಪ ಹನಿಯಾಗಿ ತಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಮಾವ, ಮಂಡಲ ಸರಿಯಾಗಿಯೇ ಇದೆ. ಮೇಲಿಂದ ನಿಜವಾಗಿಯೂ ನೀರು ಬೀಳ್ತಿದೆ" ಎಂದ. ಆ ಮಾತಿನಲ್ಲಿದ್ದ ನಿಶ್ಚಯ ಕೇಳಿ ನನಗೆ ಬಹಳ ಸಂತೋಷವಾಯಿತು.

ಗೂಟವನ್ನು ಕಿತ್ತು ಮರದ ನೆರಳಿನಿಂದ ಆಚೆಗೆ, ಕಣದ ತೆರೆದ ಅಂಚಿಗೆ ನೆಟ್ಟ. ತಂತಿ ಮೂರು ಮೀಟರ್ ಸಾಲದೆ ಬಂತು. ಹೊಸ ತಂತಿ ಸೇರಿಸಿ, ಗಂಟುಗಳಿಗೆ ಈ ಬಾರಿ ಮೊದಲೇ ನಿರೋಧಕ ಕೊಳವೆ ತೊಡಿಸಿ ಟೇಪು ಸುತ್ತಿದ. ಮಂಗಳವಾರ, ಬುಧವಾರ ಎರಡು ಬೆಳಗಿನ ಜಾವವೂ ಮಂಜಿತ್ತು, ಇಬ್ಬನಿಯಿತ್ತು, ಗಂಟೆ ಕೂಗಲಿಲ್ಲ. ಬುಧವಾರ ಎಂಟಕ್ಕೆ ಕ್ಯಾನಿನ ಮಳೆನೀರನ್ನು ಡ್ರಾಪರಿನಿಂದ ಬಿಟ್ಟಾಗ ಮೂರನೆಯ ಹನಿಗೆ ಕೂಗಿತು ಎಂದು ಫೋನಿನಲ್ಲಿ ಹೇಳಿದ. ಪ್ರದರ್ಶನಕ್ಕೆ ಒಯ್ಯುವ ಹಲಗೆಯ ಮೇಲೆ ಒಂದು ಚಿಕ್ಕ ಬಾಟಲಿಯಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಮಳೆನೀರು ಇಟ್ಟಿದ್ದಾನಂತೆ. ತೆಗೆದು ಹಾಕಿದ ಆ 100 ಕಿಲೋ ಓಮಿನ ರೆಸಿಸ್ಟರನ್ನು ಬಿಳಿ ಕಾಗದಕ್ಕೆ ಅಂಟಿಸಿ, ಅದರ ಪಕ್ಕದಲ್ಲಿ 600, 190, 65 ಎಂಬ ಮೂರು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದಿದ್ದಾನಂತೆ.